ಬಸವನಗುಡಿಯಲ್ಲಿ ನೀರು ಎಷ್ಟಕ್ಕೆ ಕುದಿಯುತ್ತದೆ?

ಬೆಳಗಿನ ಹೊತ್ತು. ನಿಮ್ಮಲ್ಲಿ ಕೆಲವರಾದರೂ ಡಿಕಾಕ್ಷನ್ನಿಗೆ ನೀರಿಟ್ಟು ರೇಡಿಯೋ ಹಾಕಿರುತ್ತೀರಿ. ಆ ನೀರು ಕೊತಕೊತ ಕುದಿಯುತ್ತಿದ್ದರೆ ಅದರ ತಾಪ ಎಷ್ಟು ಅಂತ ಮನೆಯಲ್ಲಿರುವ ಒಂಬತ್ತನೇ ತರಗತಿಯ ಮಗುವನ್ನು ಕೇಳಿ ನೋಡಿ. ತಟ್ಟನೆ ನೂರು ಡಿಗ್ರಿ ಅನ್ನುತ್ತದೆ. ನೀವು ಮಂಗಳೂರಿನಲ್ಲಿದ್ದರೆ ಆ ಉತ್ತರ ಸರಿ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಲ್ಲಿದ್ದರೆ ತಪ್ಪು. ನಮ್ಮೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೆ.

ನಾನು ಈ ಭಾಗದ ಒಂದು ಪ್ರೌಢಶಾಲೆಯಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿದವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ತನ್ನ ರೆಕಾರ್ಡ್ ಪುಸ್ತಕದಲ್ಲಿ ಕುದಿಬಿಂದು 97 ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು ಪಕ್ಕದಲ್ಲಿ 100 ಎಂದು ತಿದ್ದಿದೆ. ಹುಡುಗ ಏನೂ ಅನ್ನಲಿಲ್ಲ. ಮುಂದಿನ ವಾರದ ಪ್ರಯೋಗದಿಂದ ಅವನ ಪುಸ್ತಕದಲ್ಲಿ ಎಲ್ಲ ಸಂಖ್ಯೆಗಳೂ ಪಠ್ಯಪುಸ್ತಕದಲ್ಲಿದ್ದ ಹಾಗೆಯೇ ಬರತೊಡಗಿದವು. ಪ್ರಯೋಗದ ವರದಿ ಬರೆಯುವುದು ಹೇಗೆ ಎಂದು ಇವತ್ತು ಮಾತಾಡಲು ಬಂದಿರುವ ನಾನು ಕುದಿಬಿಂದುವಿನ ಪ್ರಯೋಗವನ್ನೇ ಆರಿಸಿಕೊಂಡಿರುವುದು ಆ ಕೆಂಪು ಶಾಯಿಯ ಕಾರಣಕ್ಕೆ.

ಪ್ರಯೋಗ ನಿಮಗೆ ಗೊತ್ತಿರುವುದೇ. ಗಾಜಿನ ಫ್ಲಾಸ್ಕಿನಲ್ಲಿ ಅರ್ಧದಷ್ಟು ನೀರು, ಕೆಳಗೆ ತಂತಿಬಲೆ, ಅದರಡಿ ಸ್ಪಿರಿಟ್ ದೀಪ ಅಥವಾ ಬರ್ನರ್. ನೀರಿಗೆ ಒಂದೆರಡು ಪಿಂಗಾಣಿ ಚೂರು ಹಾಕಬೇಕು, ಇಲ್ಲದಿದ್ದರೆ ಅದು ಒಮ್ಮೆಲೇ ಎಗರಿ ಕುದಿಯುತ್ತದೆ. ಬಾಯಿಗೆ ಎರಡು ರಂಧ್ರದ ಬಿರಡೆ. ಒಂದು ರಂಧ್ರದಲ್ಲಿ ಥರ್ಮಾಮೀಟರ್, ಇನ್ನೊಂದರಲ್ಲಿ ಆವಿ ಹೊರಹೋಗಲು ಬಾಗಿದ ಗಾಜಿನ ನಳಿಕೆ. ಥರ್ಮಾಮೀಟರಿನ ಬುರುಡೆ ನೀರಿನ ಮಟ್ಟಕ್ಕಿಂತ ಕೊಂಚ ಮೇಲೆ, ಆವಿಯಲ್ಲಿರಬೇಕು. ಇದೇ ಪ್ರಯೋಗದ ಜೊತೆ ಮಂಜುಗಡ್ಡೆ ಕರಗುವ ಬಿಂದುವನ್ನೂ ನೋಡುವುದು ವಾಡಿಕೆ. ಮಕ್ಕಳು ಅದನ್ನು ಬೇರೆಯೇ ಒಂದು ಪ್ರಯೋಗ ಎಂದುಕೊಂಡು ಬೇರೆ ಪುಟದಲ್ಲಿ ಬರೆದು ಮರೆತುಬಿಡುತ್ತಾರೆ. ಆದರೆ ಆ ಪುಟವಿಲ್ಲದೆ ಕುದಿಬಿಂದುವಿನ ಪುಟವನ್ನು ನಂಬುವ ಹಾಗಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ವರದಿ ಶುರುವಾಗುವುದು ಉದ್ದೇಶದಿಂದ. ಒಂದೇ ಸಾಲು, ಆದರೆ ಕೆಲಸ ಅರ್ಧ ಕೆಡುವುದೂ ಅಲ್ಲಿಯೇ. ನಾನು ನೋಡಿದ ರೆಕಾರ್ಡುಗಳಲ್ಲಿ ಬಹುಪಾಲು ಹೀಗಿರುತ್ತಿತ್ತು: "ನೀರಿನ ಕುದಿಬಿಂದು 100 ಡಿಗ್ರಿ ಎಂದು ತೋರಿಸುವುದು." ಇದು ಉದ್ದೇಶವಲ್ಲ, ತೀರ್ಪು ಬರೆದಿಟ್ಟುಕೊಂಡು ವಿಚಾರಣೆಗೆ ಕೂತ ಹಾಗೆ. ಹೀಗೆ ಬರೆದ ಮಗುವಿಗೆ ಪಾದರಸ 97ರಲ್ಲಿ ನಿಂತಾಗ ಎರಡೇ ದಾರಿ ಉಳಿಯುತ್ತವೆ. ಪ್ರಯೋಗ ಕೆಟ್ಟಿತು ಎಂದು ಒಪ್ಪಿಕೊಳ್ಳುವುದು, ಇಲ್ಲವೇ 100 ಎಂದು ಬರೆದುಬಿಡುವುದು. ಉದ್ದೇಶದಲ್ಲಿ ಪ್ರಶ್ನೆ ಇರಬೇಕು, ಉತ್ತರ ಇರಬಾರದು. "ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ನಲ್ಲಿ ನೀರು ಯಾವ ತಾಪದಲ್ಲಿ ಕುದಿಯುತ್ತದೆ ಎಂದು ಅಳೆಯುವುದು" ಎಂದರೆ ಸಾಕು. ನೋಡಿ, ಇದರಲ್ಲಿ ಸ್ಥಳವಿದೆ, ಯಾವ ನೀರು ಎಂಬುದಿದೆ, ಏನನ್ನು ಅಳೆಯಬೇಕೆಂಬುದಿದೆ. ಸ್ಥಳ ಯಾಕೆ ಬೇಕು ಎಂದು ಬರೆಯುವಾಗ ಮಗುವಿಗೆ ಗೊತ್ತಿರಬೇಕಾಗಿಲ್ಲ. ಸುಮ್ಮನೆ ಬರೆದಿಟ್ಟಿರಲಿ, ಕೊನೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನು ವೀಕ್ಷಣೆ. ಇದಕ್ಕೆ ಕಣ್ಣು, ಗಡಿಯಾರ ಮತ್ತು ರಫ್ ಪುಸ್ತಕ ಬೇಕು. ದೀಪ ಹಚ್ಚಿದ ಮೇಲೆ ನಿಮಿಷಕ್ಕೊಮ್ಮೆ ತಾಪ ನೋಡಿ ಬರೆಯುತ್ತಾ ಹೋಗಬೇಕು. ನಮ್ಮ ತರಗತಿಯ ಒಂದು ಗುಂಪಿನ ಅಂಕಿಗಳು ಹೀಗಿದ್ದವು ಎಂದಿಟ್ಟುಕೊಳ್ಳಿ. ಶುರುವಿನಲ್ಲಿ 25. ಆಮೇಲೆ ನಿಮಿಷಕ್ಕೆ ಎಂಟೊಂಬತ್ತು ಡಿಗ್ರಿಯಂತೆ ಏರುತ್ತಾ ಎಂಟನೆಯ ನಿಮಿಷಕ್ಕೆ 90. ಒಂಬತ್ತಕ್ಕೆ 95, ಹತ್ತಕ್ಕೆ ತೊಂಬತ್ತೇಳೂವರೆ. ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕನೆಯ ನಿಮಿಷಗಳಲ್ಲಿ 98, 98, 98, 98. ಈ ನಾಲ್ಕು 98ಗಳೇ ಪ್ರಯೋಗದ ಜೀವ. ಮಕ್ಕಳು ಮೊದಲ 98 ಕಂಡ ಕೂಡಲೇ ದೀಪ ಆರಿಸಿಬಿಡುತ್ತಾರೆ. ಆಗ ತಾಪ ನಿಂತಿತೋ ಏರುತ್ತಿತ್ತೋ ಹೇಳುವುದಕ್ಕೆ ಪುರಾವೆಯೇ ಇರುವುದಿಲ್ಲ. ಕನಿಷ್ಠ ಮೂರು ನಿಮಿಷ ಅದೇ ಅಂಕಿ ಬರುವವರೆಗೆ ಕಾಯಬೇಕು.

ಅಂಕಿಗಳ ಜೊತೆ ಕಂಡದ್ದನ್ನೂ ಬರೆಯಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ, ದೊಡ್ಡವರೂ ಎಡವುತ್ತಾರೆ. ನೀರು ಇನ್ನೂ ಸಾಧಾರಣ ಬೆಚ್ಚಗಿರುವಾಗಲೇ ಫ್ಲಾಸ್ಕಿನ ಒಳಗೋಡೆಗೆ ಸಣ್ಣ ಸಣ್ಣ ಗುಳ್ಳೆ ಅಂಟಿಕೊಳ್ಳುತ್ತವೆ. "ನೀರು ಕುದಿಯಲು ಶುರುವಾಯಿತು" ಎಂದು ಬರೆಯುತ್ತಾರೆ. ಅದು ವೀಕ್ಷಣೆಯಲ್ಲ, ತೀರ್ಮಾನ, ಅದೂ ತಪ್ಪು ತೀರ್ಮಾನ. ಕಣ್ಣಿಗೆ ಕಂಡದ್ದು ಗೋಡೆಗೆ ಅಂಟಿದ ಗುಳ್ಳೆ, ಅಷ್ಟೇ. ನೀರಿನಲ್ಲಿ ಕರಗಿದ್ದ ಗಾಳಿ ಬಿಸಿಗೆ ಹೊರಬರುತ್ತಿದೆ ಎನ್ನುವುದು ಆಮೇಲೆ ಯೋಚಿಸಿ ಹೇಳುವ ಮಾತು. ಹಾಗೆಯೇ ನಳಿಕೆಯ ಬಾಯಿಂದ "ಬಿಳಿ ಆವಿ ಬಂತು" ಎಂದು ಬರೆಯುತ್ತಾರೆ. ನೀರಾವಿ ಕಣ್ಣಿಗೆ ಕಾಣುವುದೇ ಇಲ್ಲ. ನಳಿಕೆಯ ತುದಿಗೆ ತೀರ ಹತ್ತಿರ ನೋಡಿದರೆ ಅಲ್ಲಿ ಏನೂ ಕಾಣದ ಒಂದಿಷ್ಟು ಜಾಗವಿರುತ್ತದೆ, ಬಿಳುಪು ಶುರುವಾಗುವುದು ಅದರಾಚೆ, ಆವಿ ತಣಿದು ಹನಿಗಳಾದಲ್ಲಿ. ಈ ಖಾಲಿ ಜಾಗವನ್ನು ಕಂಡು ಬರೆದ ಮಗುವಿಗೆ ನಾನು ಕಣ್ಣು ಮುಚ್ಚಿ ಅಂಕ ಕೊಡುತ್ತಿದ್ದೆ. ಕಣ್ಣು ಮುಚ್ಚಿ ಅನ್ನುವುದು ಈ ಸಂದರ್ಭಕ್ಕೆ ಸರಿಯಾದ ಮಾತಲ್ಲ, ಇರಲಿ.

ಕಂಡದ್ದು ಯಾವುದು, ಕಂಡದ್ದರ ಬಗ್ಗೆ ನಾವು ಹೇಳಿಕೊಂಡದ್ದು ಯಾವುದು ಎಂಬ ಈ ಗೆರೆ ಬಸವನಗುಡಿಗೆ ಹೊಸದಲ್ಲ. ಇಲ್ಲಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದರು. ಅಂಗೈಯಿಂದ ವಿಭೂತಿ ಉದುರಿತು ಎನ್ನುವುದು ವೀಕ್ಷಣೆ. ಅದು ಶೂನ್ಯದಿಂದ ಹುಟ್ಟಿತು ಎನ್ನುವುದು ತೀರ್ಮಾನ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ಪರೀಕ್ಷಿಸುವುದಕ್ಕೆ ಏನೂ ಉಳಿಯುವುದಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ವೀಕ್ಷಣೆಗೂ ತೀರ್ಮಾನಕ್ಕೂ ಬೇರೆ ಬೇರೆ ತಲೆಬರಹ ಇಟ್ಟಿರುವುದು ಇದಕ್ಕೇ.

ತೀರ್ಮಾನಕ್ಕೆ ಹೋಗುವ ಮೊದಲು ಮಂಜುಗಡ್ಡೆಯ ಪುಟಕ್ಕೆ ಬರೋಣ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಒಣ ಗಡ್ಡೆಗೆ ಥರ್ಮಾಮೀಟರ್ ತಾಗಿಸಿದರೆ ಪ್ರಯೋಜನವಿಲ್ಲ, ಅದು ಸೊನ್ನೆಗಿಂತ ಕೆಳಗಿರಬಹುದು. ಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿ ಪುಡಿಮಾಡಿ, ಬೀಕರಿಗೆ ಹಾಕಿ, ಸ್ವಲ್ಪ ಕರಗಿ ನೀರಾಗುವವರೆಗೆ ಬಿಟ್ಟು, ಬುರುಡೆ ಪೂರ್ತಿ ಮುಚ್ಚುವಂತೆ ಹುದುಗಿಸಿ ಕಲಕುತ್ತಿರಬೇಕು. ತಾಪ ಇಳಿದು ಇಳಿದು ಒಂದು ಕಡೆ ನಿಲ್ಲುತ್ತದೆ. ಅದು ಸೊನ್ನೆಯಲ್ಲೇ ನಿಲ್ಲಬೇಕು, ಯಾಕೆಂದರೆ ಕರಗುವ ಬಿಂದುವಿನ ಮೇಲೆ ಗಾಳಿಯ ಒತ್ತಡದ ಪ್ರಭಾವ ನಮ್ಮ ಥರ್ಮಾಮೀಟರಿಗೆ ಕಾಣದಷ್ಟು ಕಡಿಮೆ. ಬೆಂಗಳೂರಾದರೂ ಮಂಗಳೂರಾದರೂ ಸೊನ್ನೆಯೇ. ನಮ್ಮ ಗುಂಪಿನ ಥರ್ಮಾಮೀಟರ್ 1 ಡಿಗ್ರಿ ತೋರಿಸಿತು ಎಂದುಕೊಳ್ಳಿ. ಅಂದರೆ ಆ ಉಪಕರಣ ಒಂದು ಡಿಗ್ರಿ ಹೆಚ್ಚು ಹೇಳುತ್ತಿದೆ. ಕುದಿಯುವಾಗ ಅದು ತೋರಿಸಿದ 98ರಲ್ಲಿ ಒಂದನ್ನು ಕಳೆದರೆ 97. ಸೊನ್ನೆಯ ಬಳಿ ಇರುವ ತಪ್ಪು ನೂರರ ಬಳಿಯೂ ಅಷ್ಟೇ ಇರುತ್ತದೆ ಎಂಬ ಭರವಸೆ ಇಲ್ಲ ಎನ್ನುವುದು ನಿಜ. ಒಂಬತ್ತನೇ ತರಗತಿಗೆ ಅಷ್ಟೇ ಎಂದು ಭಾವಿಸಿ ಕಳೆಯುವುದು ಸಾಕು, ಆದರೆ ಭಾವಿಸಿದ್ದೇವೆ ಎಂದು ಒಂದು ಸಾಲು ಬರೆಯಬೇಕು. ಮುಖ್ಯವಾಗಿ, ವೀಕ್ಷಣೆಯ ಕೋಷ್ಟಕಕ್ಕೆ ಹೋಗಿ 98 ಅನ್ನು 97 ಎಂದು ತಿದ್ದಬಾರದು. ಕಂಡದ್ದು 98, ಅದು ಹಾಗೇ ಇರಲಿ. ಕಳೆಯುವ ಲೆಕ್ಕ ಕೋಷ್ಟಕದ ಕೆಳಗೆ, ಎಲ್ಲರಿಗೂ ಕಾಣುವಂತೆ.

ಈಗ ತೀರ್ಮಾನ. ಮೊದಲ ವಾಕ್ಯ ಉದ್ದೇಶದ ಪ್ರಶ್ನೆಗೆ ನೇರ ಉತ್ತರವಾಗಿರಬೇಕು: "ನಮ್ಮ ಪ್ರಯೋಗಾಲಯದಲ್ಲಿ ನಲ್ಲಿ ನೀರು 97 ಡಿಗ್ರಿಯಲ್ಲಿ, ಒಂದು ಡಿಗ್ರಿಯ ಆಚೀಚೆ, ಕುದಿಯಿತು." ಆಚೀಚೆ ಎಂದದ್ದು ಸಂಕೋಚದಿಂದಲ್ಲ. ಥರ್ಮಾಮೀಟರಿನ ಗೆರೆಗಳೇ ಡಿಗ್ರಿಗೊಂದರಂತೆ ಇರುವಾಗ 97.25 ಎಂದು ಬರೆಯುವುದು ಇಲ್ಲದ ಜಾಣತನ. ಎರಡನೆಯ ವಾಕ್ಯ, ದೀಪ ಉರಿಯುತ್ತಲೇ ಇದ್ದರೂ ಮೂರು ನಿಮಿಷ ತಾಪ ಏರಲಿಲ್ಲ, ಆದ್ದರಿಂದ ಆ ಉಷ್ಣ ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತಿದೆ ಎಂದು. ನಾಲ್ಕು 98ಗಳಿಗೆ ಕಾದವರಿಗೆ ಮಾತ್ರ ಈ ವಾಕ್ಯ ಬರೆಯುವ ಹಕ್ಕಿದೆ.

ಮೂರನೆಯದು ಎಲ್ಲರೂ ಕಾಯುತ್ತಿರುವ ಮಾತು. ಪುಸ್ತಕದಲ್ಲಿ 100 ಇದೆಯಲ್ಲ? ಪುಸ್ತಕದ 100ಕ್ಕೆ ಒಂದು ಷರತ್ತಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸದಷ್ಟಿದ್ದಾಗ ಮಾತ್ರ ಅದು 100. ನೀರು ಕುದಿಯುವುದೆಂದರೆ ಅದರ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗುವುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ನಮ್ಮ ತಲೆಯ ಮೇಲಿನ ಗಾಳಿ ಕಡಿಮೆ, ಒತ್ತಡ ಸುಮಾರು 680 ಮಿಲಿಮೀಟರ್. ನೀರಾವಿಯ ಕೋಷ್ಟಕ ತೆರೆದು ನೋಡಿದರೆ 97 ಡಿಗ್ರಿಯ ಎದುರು 682 ಎಂದಿರುತ್ತದೆ. ಸರಿಯಾಗಿ ಕೂತಿತು. ಹಿಂದೆ ನಮ್ಮ ದೇಶದ ಬೆಟ್ಟಗುಡ್ಡ ಅಳೆಯುತ್ತಿದ್ದ ಸರ್ವೇಯರುಗಳು ಇದನ್ನೇ ತಿರುವುಮುರುವು ಮಾಡಿಕೊಂಡಿದ್ದರು. ಶಿಖರದಲ್ಲಿ ನೀರು ಕುದಿಸಿ, ಕುದಿದ ತಾಪದಿಂದ ಎತ್ತರದ ಲೆಕ್ಕ ಹಾಕುತ್ತಿದ್ದರು. ಸುಮಾರು 300 ಮೀಟರ್ ಏರಿದರೆ ಒಂದು ಡಿಗ್ರಿ ಇಳಿಯುತ್ತದೆ.

ಒಂದು ಹಳ್ಳ ಇಲ್ಲಿದೆ, ಈಚಿನ ಮಕ್ಕಳು ಅದರಲ್ಲೇ ಬೀಳುತ್ತಾರೆ. ಹವಾಮಾನದ ವರದಿಯಲ್ಲಿ ಇವತ್ತಿನ ಒತ್ತಡ ಎಷ್ಟಿದೆ ಎಂದು ಫೋನಿನಲ್ಲಿ ನೋಡುತ್ತಾರೆ. ಅಲ್ಲಿ ಬೆಂಗಳೂರಿಗೂ 1013ರ ಆಸುಪಾಸಿನ ಹೆಕ್ಟೊಪಾಸ್ಕಲ್ ಇರುತ್ತದೆ, ಅಂದರೆ ಹೆಚ್ಚುಕಡಿಮೆ ಅದೇ 760 ಮಿಲಿಮೀಟರ್. ಊರೂರಿನ ಒತ್ತಡಗಳನ್ನು ಹೋಲಿಸಲು ಅನುಕೂಲವಾಗಲೆಂದು ಹವಾಮಾನದವರು ಎಲ್ಲವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ನಮ್ಮ ಪ್ರಯೋಗಾಲಯದ ಮೇಜಿನ ಮೇಲಿರುವ ನಿಜವಾದ ಒತ್ತಡ 910ರ ಹತ್ತಿರ. ಫೋನಿನ ಅಂಕಿ ನಂಬಿದವರು ಒತ್ತಡ ಸರಿಯಾಗಿದೆ, ನಮ್ಮ ಥರ್ಮಾಮೀಟರೇ ಕೆಟ್ಟಿದೆ ಎಂದು ಬರೆದು ಕೂರುತ್ತಾರೆ.

ತೀರ್ಮಾನಕ್ಕೆ ಒಂದು ಮಿತಿಯೂ ಇದೆ. "ಎತ್ತರದಿಂದಾಗಿ ಕುದಿಬಿಂದು ಕಡಿಮೆಯಾಗುತ್ತದೆ ಎಂದು ಈ ಪ್ರಯೋಗದಿಂದ ಸಿದ್ಧವಾಯಿತು" ಎಂದು ಬರೆದರೆ ಅಂಕ ಕಳೆಯಬೇಕು. ನಾವು ಅಳೆದದ್ದು ಒಂದೇ ಊರಿನಲ್ಲಿ. ನಮ್ಮ ಫಲಿತಾಂಶ ಆ ವಿವರಣೆಗೆ ಹೊಂದುತ್ತದೆ ಎಂದಷ್ಟೇ ಹೇಳಬಹುದು. ಬಸವನಗುಡಿಯ ದೊಡ್ಡಬಸವಣ್ಣನ ದಿಣ್ಣೆಗೂ ಕೆಂಪಾಂಬುಧಿ ಕೆರೆಯ ಅಂಗಳಕ್ಕೂ ಹೋಗಿ ಕುದಿಸಿ ಹೋಲಿಸುತ್ತೇವೆ ಅಂತ ಒಮ್ಮೆ ನಾಲ್ಕು ಹುಡುಗರು ಉತ್ಸಾಹದಿಂದ ಬಂದಿದ್ದರು. ಆ ಏರಿಳಿತಕ್ಕೆ ಬದಲಾಗುವುದು ಡಿಗ್ರಿಯ ತೀರ ಸಣ್ಣ ಭಾಗವಷ್ಟೇ, ನಮ್ಮ ಥರ್ಮಾಮೀಟರಿಗೆ ಅದು ಕಾಣದು. ಅದರ ಬದಲು ದಸರೆ ರಜೆಗೆ ಮಂಗಳೂರಿನ ಅತ್ತೆ ಮನೆಗೋ ಮಡಿಕೇರಿಗೋ ಹೋಗುವವರು ಅದೇ ಥರ್ಮಾಮೀಟರ್ ಒಯ್ಯಲಿ ಎಂದೆ. ಒಂದು ಕಡೆ ನೂರರ ಹತ್ತಿರ, ಇನ್ನೊಂದು ಕಡೆ 96ರ ಹತ್ತಿರ ಬಂದರೆ ಆಗ ಎತ್ತರದ ಮಾತಾಡೋಣ.

ಉಳಿದದ್ದು ದೋಷದ ಮೂಲಗಳು. ರೆಕಾರ್ಡ್ ಪುಸ್ತಕದಲ್ಲಿ ಇಷ್ಟು ಅಸಡ್ಡೆಯಿಂದ ಬರೆಯುವ ಭಾಗ ಇನ್ನೊಂದಿಲ್ಲ. "ಉಪಕರಣದ ದೋಷ, ಮಾನವ ದೋಷ, ನೀರಿನಲ್ಲಿನ ಕಲ್ಮಶ" ಎಂದು ಮೂರು ಮಾತು. ಯಾವ ಪ್ರಯೋಗಕ್ಕೆ ಬೇಕಾದರೂ ಅಂಟಿಸಬಹುದು. ಇನ್ನು ಕೆಲವರು "ಗಾಜಿನ ವಸ್ತುಗಳನ್ನು ಎಚ್ಚರದಿಂದ ಹಿಡಿಯಬೇಕು" ಎಂದು ಬರೆಯುತ್ತಾರೆ. ಅದು ಮುನ್ನೆಚ್ಚರಿಕೆ, ದೋಷದ ಮೂಲವಲ್ಲ. ಬೆಂಗಳೂರಿನ ಎತ್ತರವನ್ನು ದೋಷ ಎಂದು ಬರೆಯುವವರೂ ಇದ್ದಾರೆ. ಪಾಪ, ಊರು ಏನು ತಪ್ಪು ಮಾಡಿತು? ನೀರು ನಿಜವಾಗಿಯೂ 97ರಲ್ಲೇ ಕುದಿಯುತ್ತಿದೆ. ಅಳತೆಯನ್ನು ನಿಜದಿಂದ ದೂರ ಒಯ್ಯುವುದು ಮಾತ್ರ ದೋಷ.

ಪ್ರತಿ ದೋಷದ ಬಗ್ಗೆ ಮಕ್ಕಳಿಗೆ ನಾನು ಎರಡು ಪ್ರಶ್ನೆ ಕೇಳುತ್ತಿದ್ದೆ. ಇದು ಅಂಕಿಯನ್ನು ಮೇಲಕ್ಕೆ ತಳ್ಳುತ್ತದೋ ಕೆಳಕ್ಕೋ? ಎಷ್ಟು? ಕಲ್ಮಶವನ್ನೇ ನೋಡಿ. ನೀರಿನಲ್ಲಿ ಕರಗಿದ ಉಪ್ಪು ಕುದಿಬಿಂದುವನ್ನು ಏರಿಸುತ್ತದೆ, ಇಳಿಸುವುದಿಲ್ಲ. ಹಾಗಾಗಿ 100ಕ್ಕೆ ಬದಲು 97 ಬಂದದ್ದಕ್ಕೆ ಕಲ್ಮಶ ಕಾರಣವಾಗಲಾರದು, ದಿಕ್ಕೇ ಉಲ್ಟಾ. ಪ್ರಮಾಣವೂ ಹೊಂದುವುದಿಲ್ಲ. ಒಂದು ಲೀಟರ್ ನೀರು ಒಂದು ಡಿಗ್ರಿ ಹೆಚ್ಚಿಗೆ ಕಾದು ಕುದಿಯಬೇಕಾದರೆ ಸುಮಾರು 58 ಗ್ರಾಂ ಅಡುಗೆ ಉಪ್ಪು ಬೇಕು. ನಮ್ಮ ಬೋರ್‌ವೆಲ್ ನೀರು ಎಷ್ಟೇ ಗಡಸಾದರೂ ಅದರ ಹತ್ತಿರವೂ ಬರುವುದಿಲ್ಲ. ಇಷ್ಟು ಯೋಚಿಸಿದರೆ ಪಟ್ಟಿಯಿಂದ ಕಲ್ಮಶ ತಾನಾಗಿ ಬಿದ್ದುಹೋಗುತ್ತದೆ.

ಅದರ ಜಾಗಕ್ಕೆ ನಿಜವಾದವು ಬರಬೇಕು. ಕಣ್ಣನ್ನು ಪಾದರಸದ ತುದಿಯ ಮಟ್ಟಕ್ಕೆ ತರದೆ ನಿಂತಲ್ಲಿಂದಲೇ ಬಗ್ಗಿ ನೋಡುವುದು ಒಂದು. ಗೆರೆಗಳು ಗಾಜಿನ ಮುಂಭಾಗದಲ್ಲಿ, ಪಾದರಸದ ಎಳೆ ಹಿಂದೆ ಇರುವುದರಿಂದ ಮೇಲಿನಿಂದ ನೋಡಿದರೆ ಅಂಕಿ ಹೆಚ್ಚಾಗಿ ಕಾಣುತ್ತದೆ, ಕೆಳಗಿನಿಂದ ನೋಡಿದರೆ ಕಡಿಮೆ. ಗುಂಪಿನ ಎತ್ತರದ ಹುಡುಗನೂ ಗಿಡ್ಡ ಹುಡುಗಿಯೂ ಒಂದೇ ಕ್ಷಣದಲ್ಲಿ ನೋಡಿ ಬೇರೆ ಬೇರೆ ಅಂಕಿ ಹೇಳಿದರೆ ಈ ದೋಷ ಇದೆ ಎಂದರ್ಥ. ಬುರುಡೆ ಜಾರಿ ಫ್ಲಾಸ್ಕಿನ ತಳಕ್ಕೆ ತಾಗುವುದು ಇನ್ನೊಂದು. ಆಗ ತಾಪ ಹೆಚ್ಚು ತೋರುತ್ತದೆ, ಉರಿ ಹೆಚ್ಚು ಕಡಿಮೆ ಮಾಡಿದಂತೆಲ್ಲ ಏರಿಳಿಯುತ್ತದೆ. ಕುದಿಯುವ ನೀರಿನ ಆವಿ ಹಾಗೆ ಕುಣಿಯುವುದಿಲ್ಲ. ಮೂರನೆಯದು ಯಾರಿಗೂ ಹೊಳೆಯದ್ದು: ಬಿರಡೆಯ ಹೊರಗೆ ಉಳಿದ ಪಾದರಸದ ಎಳೆ ಕೋಣೆಯ ಗಾಳಿಗೆ ತಣ್ಣಗಿರುತ್ತದೆ, ಒಳಗಿನಷ್ಟು ಹಿಗ್ಗುವುದಿಲ್ಲ. ಎಳೆಯ ಬಹುಭಾಗ ಹೊರಗಿದ್ದರೆ ಅರ್ಧ ಡಿಗ್ರಿಯಷ್ಟು ಕಡಿಮೆ ತೋರಬಹುದು. ಅಂದಮೇಲೆ ನಮ್ಮ 97ರ "ಒಂದು ಡಿಗ್ರಿ ಆಚೀಚೆ" ಎಲ್ಲಿಂದ ಬಂತು ಎನ್ನುವುದಕ್ಕೆ ಈಗ ಲೆಕ್ಕ ಸಿಕ್ಕಿತು.

ಆ ಮೊದಲ ಹುಡುಗನ ವಿಷಯ ಅರ್ಥವಾದ ಮೇಲೆ ನಾನು 97ರ ಪಕ್ಷಪಾತಿಯಾಗಿಬಿಟ್ಟೆ. ಯಾರ ಪುಸ್ತಕದಲ್ಲಾದರೂ 100 ಕಂಡರೆ ಪಠ್ಯಪುಸ್ತಕ ನೋಡಿ ಬರೆದದ್ದೇ ಎಂದು ನಿರ್ಧರಿಸಿಬಿಡುತ್ತಿದ್ದೆ. ಎಷ್ಟೋ ಸಲ ಅದು ಸರಿಯೂ ಆಗಿತ್ತು. ಒಂದು ವರ್ಷ ಒಬ್ಬ ಹುಡುಗಿ 100 ಎಂದು ಬರೆದು ತಂದಳು. "ಏನಮ್ಮಾ, ದೀಪ ಹಚ್ಚಿದೆಯೋ ಪುಸ್ತಕ ತೆರೆದೆಯೋ?" ಎಂದೆ, ಇಡೀ ತರಗತಿಯ ಎದುರಿಗೆ. ಅವಳು ಸುಮ್ಮನಿರಲಿಲ್ಲ. ಬ್ಯಾಗಿನಿಂದ ರಫ್ ಪುಸ್ತಕ ತೆಗೆದಳು. ನಿಮಿಷ ನಿಮಿಷದ ಅಂಕಿಗಳಿದ್ದವು, ಒಂದು ಕಡೆ ನೀರು ಚೆಲ್ಲಿ ಶಾಯಿ ಹರಡಿತ್ತು. ಕೊನೆಗೆ 100, 100, 100. ಪಕ್ಕದಲ್ಲಿ "ಥರ್ಮಾಮೀಟರ್ ನಂಬರ್ 7" ಎಂದು ಬರೆದಿತ್ತು. "ಮಿಸ್, ನಮ್ಮ ಗುಂಪಿಗೆ ಅವತ್ತು ಮಂಜುಗಡ್ಡೆ ಸಾಕಾಗಲಿಲ್ಲ" ಎಂದಳು.

ಅಟೆಂಡರನ್ನು ಕರೆದು ಎದುರಿನ ಹಣ್ಣಿನ ರಸದ ಅಂಗಡಿಯಿಂದ ಒಂದು ಪೊಟ್ಟಣ ಐಸ್ ತರಿಸಿದೆ. ಕುಟ್ಟಿ, ಬೀಕರಿಗೆ ಹಾಕಿ, ಏಳನೇ ನಂಬರನ್ನು ಹುದುಗಿಸಿದೆವು. ಹುಡುಗರೆಲ್ಲ ಮೇಜಿನ ಸುತ್ತ ಮುತ್ತಿಕೊಂಡರು. ಪಾದರಸ ಇಳಿಯಿತು, ಹತ್ತು, ಐದು, ನಾಲ್ಕು. ಮೂರಕ್ಕೆ ಬಂದು ನಿಂತಿತು. ಐದು ನಿಮಿಷ ಕಾದರೂ ಅಲ್ಲಿಂದ ಅಲುಗಲಿಲ್ಲ. ಹುಡುಗಿ ರಫ್ ಪುಸ್ತಕ ತೆರೆದು, 100ರ ಕೆಳಗೆ ಮೂರನ್ನು ಕಳೆದು, ಗೆರೆ ಎಳೆದು 97 ಬರೆದಳು. ನಾನು ಅವಳ ಪುಸ್ತಕಕ್ಕೆ ಸಹಿ ಹಾಕಿ, ಅಟೆಂಡರ್ ಹತ್ತಿರ ಒಂದು ಚೂರು ರಟ್ಟು, ದಾರ ಕೇಳಿ ಪಡೆದೆ. "ಇದು ಮೂರು ಡಿಗ್ರಿ ಹೆಚ್ಚು ಹೇಳುತ್ತದೆ" ಎಂದು ಬರೆದು ಏಳನೇ ನಂಬರಿನ ಕೊರಳಿಗೆ ಕಟ್ಟಿದೆ. ನಾನು ನಿವೃತ್ತಳಾಗುವ ದಿನದವರೆಗೂ ಅದು ಅದೇ ಡ್ರಾಯರಿನಲ್ಲಿ ಇತ್ತು.